ಹೆಸರಿಡೋದರಲ್ಲಿ ಜ್ಯೋತಿಷ್ಯಕ್ಕೆಷ್ಟು, ಸಂಖ್ಯಾಶಾಸ್ತ್ರಕ್ಕೆಷ್ಟು: ನನ್ನ ಅನುಭವ

ಮೊದಲ ಅಕ್ಷರ ಜ್ಯೋತಿಷ್ಯಕ್ಕೆ, ಸ್ಪೆಲಿಂಗ್ ಸಂಖ್ಯಾಶಾಸ್ತ್ರಕ್ಕೆ, ಅದೂ ದಾಖಲೆಗೆ ಹೋಗೋ ಮುಂಚೆ ಮಾತ್ರ. ಮಗನ ಹೆಸರಿಗೆ ನಾನು ಹಾಕಿಕೊಂಡ ಲೆಕ್ಕ ಇಷ್ಟೇ. "ಅರ್ಧಂಬರ್ಧ ನಂಬಿದರೆ ಯಾವುದೂ ಫಲ ಕೊಡಲ್ಲ" ಅಂತ ಮಾವನವರು ಗೊಣಗಿದ್ದರು. ಈಗ ಹೆಸರಿಡಬೇಕಾದ ನೆಂಟರನ್ನೆಲ್ಲ ಅವರೇ ನನ್ನ ಹತ್ತಿರ ಕಳಿಸ್ತಾರೆ.

ಮಗನದು ರೋಹಿಣಿ ಮೂರನೇ ಪಾದ, ಅಂದರೆ 'ವಿ'. ಚಂದ್ರ ಒಂದು ಪಾದ ದಾಟೋಕೆ ಸುಮಾರು ಆರು ಗಂಟೆ ಬೇಕು. ಹುಟ್ಟಿದ ಸಮಯ ಪಾದದ ಅಂಚಿನಲ್ಲಿದ್ದರೆ ದೃಕ್ ಪಂಚಾಂಗ ಒಂದು ಅಕ್ಷರ ಹೇಳಿ, ವಾಕ್ಯ ಪಂಚಾಂಗ ಇನ್ನೊಂದು ಹೇಳಬಹುದು. ಹಾಗಾದಾಗ ಅಕ್ಷರಕ್ಕಾಗಿ ಹಟ ಹಿಡಿಯೋದರಲ್ಲಿ ಅರ್ಥ ಇಲ್ಲ. ನಮ್ಮದು ಪಾದದ ನಡುವಿನಲ್ಲಿತ್ತು, ಹಾಗಾಗಿ ಒಪ್ಪಿಕೊಂಡೆ. ಅಕ್ಕನ ಮಗಳಿಗೆ ಹಸ್ತ ಮೂರನೇ ಪಾದ, 'ಣ' ಬಂತು! ಅವಳಿಗೆ ನಕ್ಷತ್ರದ ಹೆಸರನ್ನು ಕಿವಿಯಲ್ಲಿ ಹೇಳಿ ಮುಗಿಸಿ, ಕರೆಯೋದಕ್ಕೆ ಬೇರೆ ಹೆಸರಿಟ್ಟೆವು.

ದುಡ್ಡು ಹೋಗಿದ್ದು ಸಂಖ್ಯೆಗೆ. ವಿನಯ ಅಂತ ಗೊತ್ತುಮಾಡಿಕೊಂಡು, ಬೇಕಂತಲೇ ಇಬ್ಬರಿಗೆ ತೋರಿಸಿದೆ. ಇಬ್ಬರಿಗೂ ಸೇರಿ ಆರೇಳು ಸಾವಿರ ಬಿತ್ತು. Vinay ಅನ್ನೋದಕ್ಕೆ ಕ್ಯಾಲ್ಡಿಯನ್ ಪದ್ಧತಿಯವರು 6+1+5+1+1 ಕೂಡಿಸಿ 14, ಅಂದರೆ 5, ಬುಧ, ಬಹಳ ಒಳ್ಳೆಯದು ಅಂದರು. ಪೈಥಾಗೊರಿಯನ್ ಪದ್ಧತಿಯವರು 4+9+5+1+7 ಕೂಡಿಸಿ 26, ಅಂದರೆ 8, ಶನಿ, ಬೇಡವೇ ಬೇಡ ಅಂದರು. ಕೊನೆಗೊಂದು a ಸೇರಿಸಿದರೆ ಮೊದಲಿನವರಿಗೆ 6, ಎರಡನೆಯವರಿಗೆ 9, ಇಬ್ಬರಿಗೂ ತಕರಾರಿಲ್ಲ. ಕನ್ನಡದಲ್ಲಿ ಬರೆದರೆ ಒಂದಕ್ಷರವೂ ಬದಲಾಗಲಿಲ್ಲ. Vinaya ಅಂತಲೇ ಇಟ್ಟೆವು. ಎರಡೂ ಪದ್ಧತಿಗೆ ಒಂದೇ ಸಲ ಹೊಂದೋ ಸ್ಪೆಲಿಂಗ್ ಬೇಗ ಹುಡುಕೋದಕ್ಕೆ ನಂದೊಂದು ಪಟ್ಟಿ ಇದೆ, ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಇಷ್ಟು ಓಡಾಡೋಕೆ ಸಮಯ ಸಿಕ್ಕಿದ್ದು ಹೆಸರಿಲ್ಲದೆ ಜನನ ನೋಂದಣಿ ಮಾಡಿಸಿದ್ದರಿಂದ. ನೋಂದಣಿಯಾಗಿ ಒಂದು ವರ್ಷದೊಳಗೆ ಹೆಸರು ಸೇರಿಸೋದಕ್ಕೆ ಶುಲ್ಕ ಇಲ್ಲ.

ಭಾವನವರು ಮಾಡಿದ್ದು ಇದರ ಉಲ್ಟಾ. ನಡೀತಿದ್ದ ಅಂಗಡಿ ಹೆಸರಿಗೆ ಯಾರೋ ಹೇಳಿದರು ಅಂತ ಇನ್ನೊಂದು e ಸೇರಿಸಿದರು. ಬೋರ್ಡು, ಬಿಲ್ ಬುಕ್ಕು, ಸೀಲು ಎಲ್ಲ ಸೇರಿ ನಲವತ್ತು ಸಾವಿರದ ಹತ್ತಿರ ಆಯ್ತು. ಜಿಎಸ್‌ಟಿ ಮತ್ತು ಬ್ಯಾಂಕಿನಲ್ಲಿ ಹಳೇ ಹೆಸರೇ ಇತ್ತು. ಹೊಸ ಹೆಸರಿಗೆ ಬರೆದ ಚೆಕ್ಕುಗಳು ವಾಪಸ್ ಬಂದವು. ಪ್ರೈವೇಟ್ ಲಿಮಿಟೆಡ್ ಮಾಡೋರು ಇನ್ನೊಂದು ತಿಳಕೊಳ್ಳಿ. ಅಕ್ಷರ ಜೋಡಿಸಿದ ಮಾತ್ರಕ್ಕೆ ಹೆಸರು ಬೇರೆಯಾಗಲ್ಲ, ಉಚ್ಚಾರ ಒಂದೇ ಇದ್ದರೆ ಇರೋ ಕಂಪನಿಯ ಹೆಸರೇ ಅಂತ ತಿರಸ್ಕಾರ ಆಗುತ್ತೆ. ಅದಕ್ಕೇ ವ್ಯಾಪಾರದ ಹೆಸರಾದರೆ ಮೊದಲು ಕಂಪನಿ ಹೆಸರು, ಟ್ರೇಡ್‌ಮಾರ್ಕ್ ಹುಡುಕಿ ನೋಡ್ತೀನಿ. ಅಲ್ಲಿ ಉಳಿದ ಎರಡು ಮೂರು ಹೆಸರನ್ನಷ್ಟೇ ಸಂಖ್ಯೆಯವರ ಹತ್ತಿರ ಒಯ್ತೀನಿ.