ವಾಷಿಂಗ್ ಮೆಷಿನ್ ಎರಡು ದಿನ ಮೊದಲು ತಂದಿದ್ದಕ್ಕೆ

2024ರ ಓಣಂಗೆ ನಾಲ್ಕು ದಿನ ಇರುವಾಗ, ಸೆಪ್ಟೆಂಬರ್ 11ರಂದು ಕಾಸರಗೋಡಿಗೆ ಹೋಗಿ ವಾಷಿಂಗ್ ಮೆಷಿನ್ ತಂದೆ. 30,000 ರೂಪಾಯಿ. ಕೈಯಲ್ಲಿ ಅಷ್ಟು ದುಡ್ಡಿರಲಿಲ್ಲ. ಚಾಲಿ ಅಡಿಕೆಯನ್ನು ಅಕ್ಟೋಬರ್ ಮಧ್ಯದಲ್ಲಿ ಕೊಡುವುದೆಂದು ಇಟ್ಟಿದ್ದೆ. ಕ್ರೆಡಿಟ್ ಕಾರ್ಡಿಗೆ ಐವತ್ತು ದಿನ ಬಡ್ಡಿ ಇಲ್ಲ ಎಂದು ಹೇಳಿ ಕಾರ್ಡ್ ಕೊಟ್ಟಿದ್ದರಲ್ವಾ, ಅದನ್ನೇ ನಂಬಿ ಉಜ್ಜಿದೆ.

ಮರುದಿನವೇ ಬಿಲ್ ಬಂತು. ಕಟ್ಟಲು ಕೊನೆಯ ದಿನ ಅಕ್ಟೋಬರ್ 2. ಲೆಕ್ಕ ಹಾಕಿದರೆ 21 ದಿನ ಮಾತ್ರ!

ಸಹಕಾರಿ ಬ್ಯಾಂಕಿನಲ್ಲಿರುವ ಭಾವನಿಗೆ ಫೋನ್ ಮಾಡಿದೆ. "ಎರಡೇ ದಿನ ಕಾದಿದ್ದರೆ ನವೆಂಬರ್ ಒಂದರವರೆಗೆ ಸಮಯ ಸಿಕ್ಕುತ್ತಿತ್ತಲ್ಲಾ ಭಾವ" ಅಂದ.

ವಿಷಯ ಇಷ್ಟೇ. ನನ್ನ ಕಾರ್ಡಿನ ಲೆಕ್ಕ ಪ್ರತಿ ತಿಂಗಳು 13ಕ್ಕೆ ಶುರುವಾಗಿ ಮುಂದಿನ ತಿಂಗಳ 12ಕ್ಕೆ ಮುಗಿಯುತ್ತದೆ. 12ಕ್ಕೆ ಬಿಲ್, ಅಲ್ಲಿಂದ 20 ದಿನಕ್ಕೆ ಕಟ್ಟುವ ಗಡುವು. ಸೆಪ್ಟೆಂಬರ್ 11ರ ಖರೀದಿ ಮುಗಿಯುತ್ತಿರುವ ಲೆಕ್ಕದ ಬಾಲಕ್ಕೆ ಸಿಕ್ಕಿಕೊಂಡಿತು. 13ಕ್ಕೆ ತಂದಿದ್ದರೆ ಅದು ಹೊಸ ಲೆಕ್ಕಕ್ಕೆ ಹೋಗಿ, ಅಕ್ಟೋಬರ್ 12ರ ಬಿಲ್ಲಿನಲ್ಲಿ ಬಂದು, ನವೆಂಬರ್ 1ರವರೆಗೆ, ಅಂದರೆ 49 ದಿನ ಸಿಗುತ್ತಿತ್ತು. 'ಐವತ್ತು ದಿನದವರೆಗೆ' ಎನ್ನುವುದರಲ್ಲಿ ಆ 'ವರೆಗೆ' ನನ್ನ ಕಿವಿಗೆ ಬಿದ್ದೇ ಇರಲಿಲ್ಲ.

ಅಕ್ಟೋಬರ್ 2 ಗಾಂಧಿ ಜಯಂತಿ. ಬ್ಯಾಂಕಿಗೆ ರಜೆ ಇದ್ದರೂ ಗಡುವಿಗೆ ರಜೆ ಇಲ್ಲ. ಫೋನಿನಲ್ಲೇ 10,000 ಕಟ್ಟಿದೆ. ಕನಿಷ್ಠ ಕಟ್ಟಬೇಕಾದ ಮೊತ್ತಕ್ಕಿಂತ ಅದು ಜಾಸ್ತಿಯೇ. ಹಾಗಾಗಿ ತಡದ ದಂಡ ಬೀಳಲಿಲ್ಲ. ಬಡ್ಡಿ ಬಿದ್ದರೂ ಉಳಿದ 20,000ಕ್ಕೆ, ಅದೂ ಅಕ್ಟೋಬರ್ 2ರಿಂದ ಎಂದುಕೊಂಡಿದ್ದೆ. ನಾನು ಸೋತದ್ದು ಇಲ್ಲೇ.

ಬಿಲ್ಲನ್ನು ಪೂರ್ತಿ ಕಟ್ಟದಿದ್ದರೆ ಬಡ್ಡಿಯಿಲ್ಲದ ದಿನಗಳೇ ರದ್ದು. ಬಡ್ಡಿ ಖರೀದಿಸಿದ ದಿನದಿಂದಲೇ ಎಣಿಕೆಯಾಗುತ್ತದೆ. ನನ್ನ ಕಾರ್ಡಿಗೆ ತಿಂಗಳಿಗೆ ಶೇಕಡಾ 3.5, ವರ್ಷಕ್ಕೆ 42. ಪೂರ್ತಿ 30,000ಕ್ಕೆ ಸೆಪ್ಟೆಂಬರ್ 11ರಿಂದ 21 ದಿನಕ್ಕೆ ಸುಮಾರು 725 ರೂಪಾಯಿ. ಆಮೇಲೆ 20,000ಕ್ಕೆ ಬಿಲ್ ಬರುವವರೆಗಿನ ಹತ್ತು ದಿನಕ್ಕೆ 230. ಇಷ್ಟೇ ಆಗಿದ್ದರೆ ಪರವಾಗಿರಲಿಲ್ಲ. ಸೆಪ್ಟೆಂಬರ್ 15ಕ್ಕೆ ಇದೇ ಕಾರ್ಡಿನಲ್ಲಿ 4,000 ರೂಪಾಯಿಯ ಮನೆ ಸಾಮಾನು ತಂದಿದ್ದೆ. ಹಳೆ ಬಾಕಿ ಉಳಿದ ಕಾರಣ ಹೊಸ ಖರೀದಿಗೂ ಬಡ್ಡಿಯಿಲ್ಲದ ದಿನ ಸಿಗಲಿಲ್ಲ. ಅದಕ್ಕೆ 124. ಬಡ್ಡಿಯ ಮೇಲೆ ಶೇಕಡಾ 18 ಜಿಎಸ್‌ಟಿ ಬೇರೆ. ಒಟ್ಟು ಸುಮಾರು 1,270 ರೂಪಾಯಿ. ಓಣಂ ಆಫರಿನಲ್ಲಿ ಉಳಿದದ್ದಕ್ಕಿಂತ ಹೆಚ್ಚು ಇಲ್ಲಿ ಹೋಯಿತು.

ಅಡಿಕೆ ಕೊಟ್ಟು ಅಕ್ಟೋಬರ್ 20ಕ್ಕೆ ಬಿಲ್ಲಿನ ಪೂರ್ತಿ ಹಣ ಕಟ್ಟಿದೆ. ಆದರೂ ನವೆಂಬರ್ ಬಿಲ್ಲಿನಲ್ಲಿ ಮತ್ತೆ 260 ರೂಪಾಯಿ! ಮೋಸ ಎಂದು ಜಗಳಕ್ಕೇ ಹೊರಟಿದ್ದೆ. ಭಾವ ತಡೆದ. ಅಕ್ಟೋಬರ್ 12ರಿಂದ 20ರವರೆಗೆ ಬಾಕಿ ನನ್ನ ತಲೆ ಮೇಲೆ ಇತ್ತಲ್ಲ, ಆ ಎಂಟು ದಿನದ ಬಡ್ಡಿ ಮತ್ತು ತೆರಿಗೆ ಅದು. ಆ ಬಿಲ್ಲನ್ನೂ ಪೂರ್ತಿ ಕಟ್ಟಿ, ಅದರ ಮುಂದಿನ ಬಿಲ್ಲಿನಲ್ಲಿ ಬಡ್ಡಿಯ ಸಾಲು ಇಲ್ಲವೆಂದು ನೋಡಿದ ಮೇಲೆಯೇ ಕಾರ್ಡನ್ನು ಮತ್ತೆ ಹೊರಗೆ ತೆಗೆದೆ. ಅಷ್ಟರವರೆಗೆ ಅಂಗಡಿಗಳಲ್ಲಿ ನಗದೇ ಕೊಡುತ್ತಿದ್ದೆ.

2025ರ ಜನವರಿಯಲ್ಲಿ ತೋಟಕ್ಕೆ ಸ್ಪ್ರಿಂಕ್ಲರ್ ಪೈಪು ಬೇಕಾಯಿತು. ಈ ಸಲ 14ಕ್ಕೆ ಹೋದೆ. ಫೆಬ್ರವರಿ 12ಕ್ಕೆ ಬಿಲ್, ಮಾರ್ಚ್ 4ಕ್ಕೆ ಗಡುವು. ಪೂರಾ 49 ದಿನ. 13ಕ್ಕೇ ಹೋಗಬಹುದಿತ್ತು, ಆದರೆ ಅಂಚಿನಲ್ಲಿ ಆಟ ಆಡಲು ನನಗೆ ಧೈರ್ಯವಿಲ್ಲ. ಜನವರಿ 12ರ ಬೆಳಿಗ್ಗೆ ಕುಂಬಳೆಯಲ್ಲಿ ಹಾಕಿಸಿದ ಪೆಟ್ರೋಲು ಆ ದಿನದ ಬಿಲ್ಲಿನಲ್ಲಿ ಬರದೆ ಫೆಬ್ರವರಿಯ ಬಿಲ್ಲಿಗೆ ಬಂತು. ಉಜ್ಜಿದ ದಿನ ಒಂದು, ಲೆಕ್ಕಕ್ಕೆ ಏರುವ ದಿನ ಇನ್ನೊಂದು. ಇದು ನಮಗೆ ಲಾಭವಾಗಿಯೂ ಬರಬಹುದು, ಬಾರದೆಯೂ ಇರಬಹುದು. ಬಿಲ್ ದಿನದ ಹಿಂದುಮುಂದು ದೊಡ್ಡ ಖರೀದಿ ಇದ್ದರೆ ಫೋನಿನಲ್ಲಿ ಬಿಲ್ ಬಂದದ್ದನ್ನು ಕಣ್ಣಾರೆ ನೋಡಿದ ಮೇಲೆಯೇ ನಾನು ಅಂಗಡಿಗೆ ಹೋಗುವುದು. ಎಟಿಎಮ್‌ನಿಂದ ಕ್ರೆಡಿಟ್ ಕಾರ್ಡಿನಲ್ಲಿ ನಗದು ತೆಗೆಯುವವರಿಗೆ ಈ ಲೆಕ್ಕ ಯಾವುದೂ ಇಲ್ಲ, ಅದಕ್ಕೆ ಮೊದಲ ದಿನದಿಂದಲೇ ಬಡ್ಡಿ.

ಮನೆಯವಳು ಶಾಲೆಯಲ್ಲಿ ಟೀಚರ್. ಅವಳ ಕಾರ್ಡಿನ ಗಡುವು 28ಕ್ಕೆ ಇತ್ತು, ಸಂಬಳ ಬರುವುದು ತಿಂಗಳ ಮೊದಲಿಗೆ. ಬಿಲ್ಲಿನ ದಿನವನ್ನು ಕನಿಷ್ಠ ಒಂದು ಸಲ ಬದಲಾಯಿಸಿಕೊಳ್ಳಲು ರಿಸರ್ವ್ ಬ್ಯಾಂಕಿನ ನಿಯಮದಲ್ಲೇ ಅವಕಾಶ ಇದೆ. ಅವಳು ಅದನ್ನು 18ಕ್ಕೆ ಮಾಡಿಸಿಕೊಂಡಳು, ಗಡುವು ಈಗ 8ರ ಹೊತ್ತಿಗೆ ಬರುತ್ತದೆ. ನನ್ನದನ್ನು ಹಾಗೇ ಬಿಟ್ಟಿದ್ದೇನೆ. ಅಡಿಕೆ ದುಡ್ಡಿಗೆ ಎಲ್ಲಿಯ ತಾರೀಕು?