ಹುಣಸೆ ಬೀಜ ಮತ್ತು ಪಾಳಿ ರಿಜಿಸ್ಟರ್: ಅತ್ತೆಯ ಆರೈಕೆ ನಾವಿಬ್ಬರೂ ಹಂಚಿಕೊಂಡ ಬಗೆ

ನಾವು ಇರುವುದು ರಾಯಚೂರಿನಲ್ಲಿ. ನಾನು ಶಾಲೆಯಲ್ಲಿ ಟೀಚರ್. ನನ್ನ ಗಂಡನ ಕೆಲಸ ಶಕ್ತಿನಗರದ ಥರ್ಮಲ್ ವಿದ್ಯುತ್ ಸ್ಥಾವರದಲ್ಲಿ, ಪಾಳಿ ಮೇಲೆ. ಅತ್ತೆಗೆ ಸಕ್ಕರೆ ಕಾಯಿಲೆ ಬಂದು 20 ವರ್ಷದ ಮೇಲಾಯಿತು. ಕಣ್ಣು ಮಂಜಾಗಿದೆ. ಮೂರು ವರ್ಷದ ಹಿಂದೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಹತ್ತಿರ ಮೂಳೆ ಮುರಿಯಿತು. ಆಪರೇಷನ್ ಆಯಿತು. ಅಂದಿನಿಂದ ವಾಕರ್ ಹಿಡಿದೇ ಓಡಾಟ, ರಾತ್ರಿ ಬಾತ್‌ರೂಮಿಗೆ ಹೋಗಬೇಕಾದರೆ ಯಾರಾದರೂ ಜೊತೆಗೆ ಏಳಲೇಬೇಕು.

ಮೊದಲ ಒಂದು ವರ್ಷ ಎಲ್ಲ ಸರಿಯಿದೆ ಅಂತಲೇ ಅಂದುಕೊಂಡಿದ್ದೆವು. ಇವರು ಕೈ ಕಟ್ಟಿ ಕೂತವರಲ್ಲ. ಹೇಳಿದರೆ ಮಾಡುತ್ತಿದ್ದರು. ನನಗೆ ಉರಿಯುತ್ತಿದ್ದದ್ದು ಆ "ಹೇಳಿದರೆ" ಅನ್ನುವುದೇ. ಮಾತ್ರೆ ಯಾವಾಗ ಮುಗಿಯುತ್ತೆ, ಸಿರಿಂಜ್ ಎಷ್ಟು ಉಳಿದಿವೆ, ಮುಂದಿನ ತಪಾಸಣೆ ಯಾವತ್ತು, ಎಲ್ಲ ನನ್ನ ತಲೆಯಲ್ಲಿ. ಅವರು ಮೆಡಿಕಲ್ ಶಾಪಿಗೆ ಹೋಗಿ ಬಂದು "ತಂದೆ ನೋಡು" ಅಂದಾಗ ಅವರ ತಾಯಿಗೇ ತಂದಿದ್ದನ್ನು ನನಗೆ ಮಾಡಿದ ಉಪಕಾರದ ಹಾಗೆ ಕೊಡುತ್ತಿದ್ದಾರಲ್ಲ ಅನಿಸುತ್ತಿತ್ತು. ಬಾಯಿ ಬಿಟ್ಟು ಹೇಳಲಿಲ್ಲ. ಪಾತ್ರೆ ಸ್ವಲ್ಪ ಜೋರಾಗಿ ಕುಕ್ಕುತ್ತಿದ್ದೆ, ಅಷ್ಟೆ.

ಒಡೆದದ್ದು ಒಂದು ಡಿಸೆಂಬರ್ ರಾತ್ರಿ. ಅತ್ತೆಗೆ ದಿನಕ್ಕೆ ಎರಡು ಸಲ ಇನ್ಸುಲಿನ್, ಬೆಳಿಗ್ಗೆ 18 ಯೂನಿಟ್, ಸಂಜೆ 10. ಊಟಕ್ಕೆ ಅರ್ಧ ಗಂಟೆ ಮುಂಚೆ ಕೊಡಬೇಕು. ಅವತ್ತು ಇವರಿಗೆ ರಾತ್ರಿ ಪಾಳಿ. ನಾನು ಬರುವುದು ತಡ ಅಂತ ಏಳೂಕಾಲಿಗೆ ತಾವೇ ಸೂಜಿ ಮಾಡಿ, ಹೋಗುವ ಮುಂಚೆ ಸ್ವಲ್ಪ ಮಲಗೋಣ ಅಂತ ಒಳಗೆ ಹೋದರು. ನಾನು ಏಳೂಮುಕ್ಕಾಲಿಗೆ ಬಂದೆ. "ಅತ್ತಿ, ಸೂಜಿ ಆಯ್ತೇನು?" ಅಂದೆ. ಮಂಪರಿನಲ್ಲಿದ್ದರು, "ಇಲ್ಲ ಬೇ" ಅಂದರು. ನಾನೂ ಇನ್ನೊಂದು 10 ಯೂನಿಟ್ ಕೊಟ್ಟೆ. ಎರಡು ರೊಟ್ಟಿ ತಿಂದರು, ಮಲಗಿದರು. ಇವರೂ ಕೆಲಸಕ್ಕೆ ಹೋದರು.

ಹನ್ನೊಂದೂವರೆಗೆ ಏನೋ ಗೊಣಗುವ ಸದ್ದು ಕೇಳಿ ಎದ್ದೆ. ಅಷ್ಟು ಚಳಿಯಲ್ಲೂ ಅತ್ತೆಯ ರವಿಕೆ ಬೆವರಿಗೆ ಪೂರ್ತಿ ಒದ್ದೆ. ಕೈ ನಡುಗುತ್ತಿತ್ತು, ಮಾತು ತೊದಲುತ್ತಿತ್ತು, ನನ್ನನ್ನು ಮಗಳ ಹೆಸರಿಂದ ಕರೆದರು. ಮೀಟರ್ ಹಿಡಿದರೆ 52. ಸಕ್ಕರೆ 70ಕ್ಕಿಂತ ಕೆಳಗೆ ಇಳಿದರೆ ತಡ ಮಾಡಬಾರದು ಅಂತ ಡಾಕ್ಟರ್ ಮೊದಲೇ ಹೇಳಿದ್ದರು. ನುಂಗುವಷ್ಟು ಎಚ್ಚರ ಇತ್ತು, ಹಾಗಾಗಿ ಕೂರಿಸಿ ನೀರಿಗೆ ಮೂರು ಚಮಚ ಸಕ್ಕರೆ ಹಾಕಿ ಕುಡಿಸಿದೆ. ಎಚ್ಚರ ಇಲ್ಲದಿದ್ದರೆ ಬಾಯಿಗೆ ಏನೂ ಹಾಕದೆ ಸೀದಾ ಆಸ್ಪತ್ರೆಗೆ ಓಡಬೇಕು, ಇಲ್ಲದಿದ್ದರೆ ಉಸಿರಿನ ದಾರಿಗೆ ಹೋಗುತ್ತೆ. 15 ನಿಮಿಷ ಬಿಟ್ಟು ನೋಡಿದರೆ 78. ಆಮೇಲೆ ಹಾಲು, ಬಿಸ್ಕೆಟ್ ಕೊಟ್ಟೆ. ಆಗ ಇವರಿಗೆ ಫೋನ್ ಮಾಡಿದೆ.

"ಸೂಜಿ ಮಾಡಿದ್ರೇನ್ರೀ?"

"ಹೂಂ, ಏಳೂಕಾಲಕ್ಕೇ. ಯಾಕ?"

ಡಾಕ್ಟರಿಗೆ ಫೋನ್ ಮಾಡಿದಾಗ, ಈ ಮಿಶ್ರ ಇನ್ಸುಲಿನ್ ತುಂಬಾ ಹೊತ್ತು ಕೆಲಸ ಮಾಡುತ್ತಿರುತ್ತೆ, ಒಂದು ಸಲ ಸರಿಹೋಯಿತು ಅಂತ ಮಲಗಬೇಡಿ, ರಾತ್ರಿಯಿಡೀ ಆಗಾಗ ಮೀಟರ್ ನೋಡಿ, ಮತ್ತೆ ಇಳಿದರೆ ಆಸ್ಪತ್ರೆಗೆ ಕರೆತನ್ನಿ ಅಂದರು. ಬೆಳಗಿನವರೆಗೂ ಕೂತೆ. ಎರಡು ಗಂಟೆಗೆ ಮತ್ತೆ 69 ಆಗಿತ್ತು. ಇನ್ನೊಂದು ಸಲ ಸಕ್ಕರೆ ನೀರು ಕುಡಿಸಿದ ಮೇಲೆ ಏರಿದ್ದು ಇಳಿಯಲಿಲ್ಲ.

ಬೆಳಿಗ್ಗೆ ಜಗಳ ಆಗದೇ ಇರುತ್ತಾ? "ಹೇಳಿ ಮಲಗಬೇಕಿತ್ತು" ಅಂತ ನಾನು. "ನನ್ನನ್ನು ಎಬ್ಬಿಸಿ ಕೇಳಬೇಕಿತ್ತು" ಅಂತ ಅವರು. ಇಬ್ಬರದೂ ನಿಜವೇ. ಜಗಳ ಎಲ್ಲಿಗೋ ಹೋಗಿ, ನಮ್ಮ ತವರಿಗೂ ಮುಟ್ಟಿ ಬಂತು. ನಾನು ಕಾನೂನನ್ನೂ ಎತ್ತಿದೆ. 2007ರ ಹಿರಿಯ ನಾಗರಿಕರ ಕಾಯ್ದೆ ತಂದೆತಾಯಿಯನ್ನು ನೋಡಿಕೊಳ್ಳಬೇಕಾದ ಮಕ್ಕಳು ಅಂತ ಹೆಸರಿಸಿರುವುದು ಮಗ, ಮಗಳು, ಮೊಮ್ಮಗ, ಮೊಮ್ಮಗಳನ್ನು. ಅದರಲ್ಲಿ ಸೊಸೆ ಇಲ್ಲ. ಹೇಳಿದ ಮೇಲೆ ಎಷ್ಟು ಕೆಟ್ಟದಾಗಿ ಕೇಳಿಸಿತು ಅಂತ ನನಗೇ ಗೊತ್ತಾಯಿತು.

ಎರಡು ದಿನ ಮಾತಿಲ್ಲ. ಮೂರನೇ ದಿನ ಇವರೇ ಒಂದು ಉದ್ದ ನೋಟ್‌ಬುಕ್ ತಂದಿಟ್ಟರು. ಪಾಳಿ ಮುಗಿಸಿದವನು ಮುಂದಿನವನಿಗೆ ರಿಜಿಸ್ಟರಿನಲ್ಲಿ ಬರೆದು ಕೊಡದೆ ಗೇಟ್ ದಾಟುವುದಿಲ್ಲವಂತೆ. "ಅಲ್ಲಿ ಬಾಯ್ಲರಿಗೆ ಅಷ್ಟು ಮಾಡ್ತೀವಿ, ಅವ್ವಗ ಮಾಡಿಲ್ಲ" ಅಂದರು.

ರಿಜಿಸ್ಟರಿನಲ್ಲಿ ನಾಲ್ಕೇ ಕಾಲಂ: ಸಮಯ, ಏನು ಕೊಟ್ಟದ್ದು, ಮೀಟರ್ ಎಷ್ಟು, ಯಾರು. ಬರೆಯದೆ ಇದ್ದರೆ ಕೊಟ್ಟಿದ್ದಾರೋ ಇಲ್ಲವೋ ಅಂತ ಊಹಿಸುವ ಹಾಗಿಲ್ಲ, ಫೋನ್ ಮಾಡಲೇಬೇಕು. ಫೋನ್ ಸಿಗದಿದ್ದರೆ ಕಾಯಬೇಕು. ಒಂದು ಹೊತ್ತು ಇನ್ಸುಲಿನ್ ತಡವಾದರೆ ಅಷ್ಟು ಅಪಾಯ ಇಲ್ಲ, ಎರಡು ಸಲ ಆದರೆ ಇದೆ.

ಆದರೆ ಪುಸ್ತಕದಿಂದ ನನ್ನ ಉರಿ ಕಡಿಮೆಯಾಗಲಿಲ್ಲ. ಅದಕ್ಕೆ ಬೇರೆಯದೇ ಬೇಕಿತ್ತು. ಕೆಲಸವನ್ನು ಇಡಿಯಾಗಿ ಹಂಚಿಕೊಂಡೆವು. ಔಷಧಿ ಪೂರ್ತಿ ಅವರದು: ಮುಗಿಯುವ ಮುಂಚೆ ತರುವುದು, ತಪಾಸಣೆಗೆ ಕರೆದೊಯ್ಯುವುದು, ಬೇಸಿಗೆಯಲ್ಲಿ ಕರೆಂಟ್ ಹೋದರೆ ಫ್ರಿಡ್ಜಿನಲ್ಲಿರುವ ಇನ್ಸುಲಿನ್ ಬಾಟಲಿಯನ್ನು ನೀರಿನ ಗಡಿಗೆಯ ಪಕ್ಕ ಇಡುವುದು, ಎಲ್ಲ. ನಾನು ನೆನಪಿಸುವ ಹಾಗಿಲ್ಲ. ಇದು ಅವರಿಗಿಂತ ನನಗೇ ಕಷ್ಟವಾಯಿತು. ಒಮ್ಮೆ ಸಿರಿಂಜ್ ಒಂದೇ ಉಳಿದಿದ್ದು ನೋಡಿಯೂ ಸುಮ್ನೆ ಕೂತೆ. ರಾತ್ರಿ ಒಂಬತ್ತಕ್ಕೆ ಅವರೇ ಅಂಗಡಿ ಹುಡುಕಿ ಓಡಿದರು. ಆಮೇಲೆ ಹಾಗಾಗಲಿಲ್ಲ.

ನಾದಿನಿಯ ಫೋನೂ ಅವರ ಪಾಲಿಗೆ ಹೋಯಿತು. ಆಕೆ ಹುಬ್ಬಳ್ಳಿಯಲ್ಲಿದ್ದಾಳೆ. "ವೈನಿ, ಅವ್ವಗ ರಾಗಿ ಅಂಬಲಿ ಕೊಡ್ರಿ, ಸಕ್ಕರೆ ಇಳೀತದ" ಅಂತ ವಾರಕ್ಕೊಂದು ಸಲಹೆ. ಈಗ ನಾನು "ನಿಮ್ಮಣ್ಣನ್ನ ಕೇಳವ್ವ" ಅನ್ನುತ್ತೇನೆ.

ಸಮ ಸಮ ಹಂಚಲು ಆಗದ್ದೂ ಇತ್ತು. ಸ್ನಾನ, ಸೀರೆ ಬದಲಿಸುವುದಕ್ಕೆ ಅತ್ತೆ ಮಗನನ್ನು ಹತ್ತಿರ ಬಿಡುವುದಿಲ್ಲ. ಅದು ನನಗೇ ಬಂತು. ಬದಲಿಗೆ ರಾತ್ರಿ ಅತ್ತೆಯ ಜೊತೆ ಏಳುವುದು ಅವರದು. ಬಾತ್‌ರೂಮಿನ ಬಾಗಿಲವರೆಗೆ ಮಗನ ಕೈ ಹಿಡಿದು ಹೋಗಲು ಅತ್ತೆಗೆ ಅಭ್ಯಂತರ ಇಲ್ಲ. ಅವರು ರಾತ್ರಿ ಪಾಳಿಯಲ್ಲಿರುವ ವಾರ ಮಾತ್ರ ನನಗೆ ಎರಡೂ ಬೀಳುತ್ತೆ. ಅದಕ್ಕೆ ಆ ವಾರ ಬೆಳಿಗ್ಗೆ ಎರಡು ಗಂಟೆ ಹೊತ್ತಿನ ಕೆಲಸಕ್ಕೆ ಒಬ್ಬ ಹೆಂಗಸು ಬರುತ್ತಾಳೆ, ಸಂಬಳ ಅವರ ಕಡೆಯಿಂದ.

ರಿಜಿಸ್ಟರೂ ಒಮ್ಮೆ ಕೆಟ್ಟಿತ್ತು. ನಾನು "ಮತ್ತೆ ನಾನೇ ಎದ್ದೆ" ಅಂತ ಬರೆಯಲು ಶುರು ಮಾಡಿದ್ದೆ. ಅವರು ಕೆಳಗೆ "ನೋಡಿದೆ" ಅಂತ ಸಹಿ ಹಾಕಿದರು, ಆಫೀಸಿನ ಹಾಗೆ! ಅವತ್ತೇ ಮಾತಾಡಿಕೊಂಡೆವು: ಪುಸ್ತಕದಲ್ಲಿ ಔಷಧಿ ಮಾತ್ರ, ಸಿಟ್ಟು ಅವರ ರಜೆ ದಿನ ಮಾಳಿಗೆ ಮೇಲೆ ಚಹಾ ಕುಡಿಯುವಾಗ.

ಅತ್ತೆಗೆ ಮೊದಲು ಈ ಪುಸ್ತಕ ಹಿಡಿಸಲಿಲ್ಲ. "ನನ್ನ ಲೆಕ್ಕ ಬರೀತೀರೇನು?" ಅಂದರು. ಕೊನೆಗೆ ತಾವೇ ಒಂದು ದಾರಿ ಮಾಡಿಕೊಂಡರು. ಮಂಚದ ಪಕ್ಕ ಎರಡು ಬಟ್ಟಲು, ಒಂದರಲ್ಲಿ ಎರಡು ಹುಣಸೆ ಬೀಜ. ಸೂಜಿ ಆದ ತಕ್ಷಣ ಒಂದು ಬೀಜ ಇನ್ನೊಂದು ಬಟ್ಟಲಿಗೆ ಹೋಗುತ್ತೆ. ಬೆಳಿಗ್ಗೆ ಎದ್ದ ಕೂಡಲೇ ಎರಡನ್ನೂ ಮೊದಲಿನ ಬಟ್ಟಲಿಗೆ ಹಾಕಿಕೊಳ್ಳುತ್ತಾರೆ. ಕಣ್ಣಿಗೆ ಕಾಣದಿದ್ದರೂ ಬೆರಳಿಗೆ ತಿಳಿಯುತ್ತೆ. ಮೊನ್ನೆ ಸಂಜೆ ನಾನು ಸಿರಿಂಜ್ ಹಿಡಿದು ಹೋದಾಗ ಬಟ್ಟಲಿಗೆ ಕೈ ಹಾಕಿ ತಡಕಿ, "ಆಗ್ಯದ ನೋಡು, ನಿನ್ನ ಗಂಡ ಬರಿಯೋದು ಮರ್ತಾನ" ಅಂದರು.