ಶುಗರ್ ಮಾತ್ರೆಯೇ ಕಿಡ್ನಿ, ಹೃದಯವನ್ನೂ ಕಾಯುವುದು ಹೇಗೆ? ಯಾರಿಗೆ?

ಒಂದು ಲ್ಯಾಬ್ ವರದಿಯಿಂದಲೇ ಶುರು ಮಾಡೋಣ. ಉದಾಹರಣೆಗಾಗಿ ಶಿರಸಿ ಕಡೆಯ 58 ವರ್ಷದ ಅಡಿಕೆ ಬೆಳೆಗಾರರೊಬ್ಬರನ್ನು ಇಟ್ಟುಕೊಳ್ಳಿ. ಶುಗರ್ ಬಂದು ಹತ್ತು ವರ್ಷ. ಮೆಟ್‌ಫಾರ್ಮಿನ್ ಜೊತೆ ಗ್ಲಿಮಿಪಿರೈಡ್ 2 ಮಿಲಿಗ್ರಾಂ, ಬಿಪಿಗೆ ಟೆಲ್ಮಿಸಾರ್ಟನ್ 40. ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ 7.4. ಕ್ರಿಯಾಟಿನಿನ್ 1.3. ಮೂತ್ರದ ಸಾಮಾನ್ಯ ಪರೀಕ್ಷೆಯಲ್ಲಿ ಆಲ್ಬುಮಿನ್ ಎದುರು ‘ಇಲ್ಲ’ ಎಂದಿದೆ. ವೈದ್ಯರು ಇನ್ನೊಂದು ಮಾತ್ರೆ ಬರೆದಾಗ ಅವರು ಕೇಳುವುದು ಸಹಜ: “ಶುಗರ್ ಕಂಟ್ರೋಲಲ್ಲೇ ಇದ್ದು, ಮತ್ತೊಂದು ಮಾತ್ರೆ ಎಂತಕ್ಕೆ?”

ಈ ಮಾತ್ರೆ ಬೇಕೋ ಬೇಡವೋ ಎಂಬುದನ್ನು ತೀರ್ಮಾನಿಸಲು ಶುಗರ್ ಅಂಕಿಯನ್ನಷ್ಟೇ ನೋಡಿದರೆ ಸಾಲದು. ಅದಕ್ಕೆ ಬೇರೆ ಎರಡು ಅಂಕಿಗಳಿವೆ.

ಮೊದಲು ಈ ಎರಡು ಅಂಕಿ ತಿಳಿದುಕೊಳ್ಳಿ

ಒಂದು, ಇಜಿಎಫ್‌ಆರ್. ಕಿಡ್ನಿ ನಿಮಿಷಕ್ಕೆ ಎಷ್ಟು ಸೋಸುತ್ತದೆ ಎಂಬ ಅಂದಾಜು ಇದು. ಕ್ರಿಯಾಟಿನಿನ್, ವಯಸ್ಸು, ಲಿಂಗ ಮೂರನ್ನೂ ಸೇರಿಸಿ ಲೆಕ್ಕ ಹಾಕುತ್ತಾರೆ. ನಮ್ಮ ಬೆಳೆಗಾರರದ್ದು ಸುಮಾರು 64. ವರದಿಯಲ್ಲಿ ಬರೀ ಕ್ರಿಯಾಟಿನಿನ್ ಇದ್ದರೆ ಇಜಿಎಫ್‌ಆರ್ ಕೂಡ ಬರೆದುಕೊಡಿ ಎಂದು ಕೇಳಿ. ಅದಕ್ಕೆ ಬೇರೆ ರಕ್ತ ಕೊಡಬೇಕಾಗಿಲ್ಲ.

ಎರಡು, ಮೂತ್ರದ ಎಸಿಆರ್. ಮೂತ್ರದಲ್ಲಿ ಸೋರಿಹೋಗುವ ಆಲ್ಬುಮಿನ್ ಪ್ರೋಟೀನನ್ನು ಅದೇ ಮೂತ್ರದ ಕ್ರಿಯಾಟಿನಿನ್‌ಗೆ ಹೋಲಿಸಿ ಕೊಡುವ ಅಂಕಿ. 30ಕ್ಕಿಂತ ಕಡಿಮೆಯಿದ್ದರೆ ಸರಿ. 30ರಿಂದ 300ರವರೆಗೆ ಸೋರಿಕೆ ಶುರುವಾಗಿದೆ ಎಂದರ್ಥ, ಅದರಾಚೆಗೆ ಹೆಚ್ಚಿನ ಸೋರಿಕೆ. ಸಾಮಾನ್ಯ ಪರೀಕ್ಷೆಯ ಕಡ್ಡಿ ಸಣ್ಣ ಸೋರಿಕೆಯನ್ನು ಹಿಡಿಯುವುದಿಲ್ಲ. ಅದಕ್ಕೇ ‘ಇಲ್ಲ’ ಎಂಬ ವರದಿಯ ಮೇಲೆ ಕಣ್ಣುಮುಚ್ಚಿ ಭರವಸೆ ಇಡಬಾರದು. ಬೆಳಗಿನ ಮೊದಲ ಮೂತ್ರ ಕೊಟ್ಟರೆ ಒಳ್ಳೆಯದು. ಜ್ವರ, ಉರಿಮೂತ್ರ, ಮುಟ್ಟು ಇದ್ದಾಗ ಅಥವಾ ಹಿಂದಿನ ದಿನ ಮೈಮುರಿದು ದುಡಿದಿದ್ದರೆ ಅಂಕಿ ಸುಳ್ಳೇ ಏರುತ್ತದೆ. ಕೊನೆಕೊಯ್ಲಿನ ಗಡಿಬಿಡಿಯ ಮರುದಿನ ಈ ಪರೀಕ್ಷೆ ಬೇಡ. ಒಮ್ಮೆ ಹೆಚ್ಚು ಬಂದರೆ ಮತ್ತೊಮ್ಮೆ ಮಾಡಿಸಿ ಖಚಿತಪಡಿಸಿಕೊಳ್ಳಬೇಕು.

ನಮ್ಮ ಬೆಳೆಗಾರರದ್ದು ಮೊದಲ ಸಲ 240, ಎರಡು ತಿಂಗಳ ನಂತರ 225. ಅಂದರೆ ಶುಗರ್ ಹತೋಟಿಯಲ್ಲಿದ್ದರೂ ಕಿಡ್ನಿ ಸೋರುತ್ತಿದೆ.

ಚೀಟಿಯಲ್ಲಿ ಹೆಸರಿನ ಬಾಲ ನೋಡಿ

ಅವರಿಗೆ ಬರೆದದ್ದು ಡಪಾಗ್ಲಿಫ್ಲೋಜಿನ್ 10 ಮಿಲಿಗ್ರಾಂ, ದಿನಕ್ಕೊಂದು, ಬೆಳಿಗ್ಗೆ. ಎಂಪಾಗ್ಲಿಫ್ಲೋಜಿನ್, ಕೆನಾಗ್ಲಿಫ್ಲೋಜಿನ್ ಕೂಡ ಇದೇ ಮನೆತನ. ಹೆಸರು ‘ಗ್ಲಿಫ್ಲೋಜಿನ್’ ಎಂದು ಮುಗಿಯುತ್ತದೆ. ಸಿಟಾಗ್ಲಿಪ್ಟಿನ್, ವಿಲ್ಡಾಗ್ಲಿಪ್ಟಿನ್, ಟೆನೆಲಿಗ್ಲಿಪ್ಟಿನ್ ಬೇರೆ ಗುಂಪಿನವು. ‘ಗ್ಲಿಪ್ಟಿನ್’ ಬಾಲದ ಮಾತ್ರೆಗಳು ಶುಗರ್ ಇಳಿಸುತ್ತವೆ, ಆದರೆ ಹೃದಯ, ಕಿಡ್ನಿಗೆ ಈ ರಕ್ಷಣೆ ಕೊಡುವುದಿಲ್ಲ. ಮೆಡಿಕಲ್ ಶಾಪಿನಲ್ಲಿ ಎರಡನ್ನೂ ‘ಹೊಸ ಶುಗರ್ ಮಾತ್ರೆ’ ಎಂದೇ ಕರೆಯುವುದರಿಂದ ಗೊಂದಲ ಆಗುತ್ತದೆ.

ಇನ್ನೊಂದು ಎಡವಟ್ಟು ಜೋಡಿ ಮಾತ್ರೆಗಳದ್ದು. ಮೆಟ್‌ಫಾರ್ಮಿನ್, ಡಪಾಗ್ಲಿಫ್ಲೋಜಿನ್ ಎರಡೂ ಒಂದೇ ಮಾತ್ರೆಯಲ್ಲಿ ಸಿಗುತ್ತವೆ. ಒಬ್ಬ ವೈದ್ಯರು ಜೋಡಿ ಮಾತ್ರೆ ಬರೆದಿರುತ್ತಾರೆ, ಹುಬ್ಬಳ್ಳಿಗೋ ಮಣಿಪಾಲಕ್ಕೋ ಹೋದಾಗ ಇನ್ನೊಬ್ಬರು ಬಿಡಿ ಮಾತ್ರೆ ಬರೆಯುತ್ತಾರೆ. ಬ್ರ್ಯಾಂಡ್ ಹೆಸರು ಬೇರೆ ಇರುವುದರಿಂದ ರೋಗಿ ಎರಡನ್ನೂ ನುಂಗುತ್ತಾರೆ. ಸ್ಟ್ರಿಪ್ಪಿನ ಮೇಲೆ ಸಣ್ಣಕ್ಷರದಲ್ಲಿರುವ ಔಷಧದ ಹೆಸರನ್ನೇ ಓದಿ.

ಡಪಾಗ್ಲಿಫ್ಲೋಜಿನ್ ಪೇಟೆಂಟ್ ಭಾರತದಲ್ಲಿ 2020ರಲ್ಲಿ, ಎಂಪಾಗ್ಲಿಫ್ಲೋಜಿನ್‌ದು 2025ರಲ್ಲಿ ಮುಗಿದು ಎರಡೂ ಅಗ್ಗವಾಗಿವೆ. ದುಡ್ಡಿನ ಕಾರಣಕ್ಕೆ ಬಿಟ್ಟವರು ಈಗಿನ ಬೆಲೆ ಒಮ್ಮೆ ವಿಚಾರಿಸಬಹುದು.

ಒಳಗೆ ನಡೆಯುವುದೇನು

ಕಿಡ್ನಿಯ ಸೋಸುಕದಿಂದ ಇಳಿದ ಸಕ್ಕರೆಯನ್ನು ಮುಂದಿನ ಕೊಳವೆ ವಾಪಸು ಹೀರಿಕೊಳ್ಳುತ್ತದೆ, ಜೊತೆಗೆ ಉಪ್ಪನ್ನೂ ಎಳೆದುಕೊಳ್ಳುತ್ತದೆ. ಶುಗರ್ ಇದ್ದವರಲ್ಲಿ ಈ ಹೀರುವಿಕೆ ಜಾಸ್ತಿ. ಹೀಗಾಗಿ ಕೊಳವೆಯಲ್ಲಿ ಇನ್ನೂ ಮುಂದಿರುವ ಉಪ್ಪಿನ ಕಾವಲುಗಾರ ಕೋಶಗಳಿಗೆ ಉಪ್ಪು ಕಡಿಮೆ ಮುಟ್ಟುತ್ತದೆ. ‘ಸೋಸುವಿಕೆ ಸಾಲದು’ ಎಂದು ತಿಳಿದ ಅವು ಸೋಸುಕದೊಳಗೆ ರಕ್ತ ಬರುವ ಬಾಗಿಲನ್ನು ಇನ್ನಷ್ಟು ತೆರೆಸುತ್ತವೆ. ಒತ್ತಡ ಏರುತ್ತದೆ. ತೋಟದ ತೂಬು ಪೂರ್ತಿ ಎತ್ತಿದರೆ ಕಾಲುವೆಯ ಏರಿ ಕೊರೆಯುವಂತೆ ಜಾಲರಿ ಹಾಳಾಗಿ ಪ್ರೋಟೀನ್ ಸೋರುತ್ತದೆ.

ಗ್ಲಿಫ್ಲೋಜಿನ್ ಈ ಹೀರುವಿಕೆಯನ್ನು ತಡೆಯುತ್ತದೆ. ಕಿಡ್ನಿ ಚೆನ್ನಾಗಿದ್ದರೆ ದಿನಕ್ಕೆ 60ರಿಂದ 80 ಗ್ರಾಂ ಸಕ್ಕರೆ ಮೂತ್ರದಲ್ಲಿ ಹೋಗುತ್ತದೆ. ಜೊತೆಗೆ ಉಪ್ಪು ಕಾವಲುಗಾರನಿಗೆ ಮುಟ್ಟಿ ಬಾಗಿಲು ಕಿರಿದಾಗುತ್ತದೆ. ಟೆಲ್ಮಿಸಾರ್ಟನ್ ಹೊರಬಾಗಿಲನ್ನು ಸಡಿಲಿಸಿದರೆ ಇದು ಒಳಬಾಗಿಲನ್ನು ಬಿಗಿ ಮಾಡುತ್ತದೆ. ಅದಕ್ಕೇ ಎರಡೂ ಒಟ್ಟಿಗೆ ಬೇಕು, ಒಂದರ ಬದಲು ಇನ್ನೊಂದಲ್ಲ. ಹೃದಯಕ್ಕೂ ನೀರು, ಉಪ್ಪಿನ ಹೊರೆ ಇಳಿಯುತ್ತದೆ.

2020ರಲ್ಲಿ ಪ್ರಕಟವಾದ ಡಾಪಾ-ಸಿಕೆಡಿ ಅಧ್ಯಯನದಲ್ಲಿ 4304 ಜನರಿದ್ದರು. ಎಲ್ಲರ ಎಸಿಆರ್ 200ರ ಮೇಲೆ, ಇಜಿಎಫ್‌ಆರ್ 25ರಿಂದ 75. ಸುಮಾರು 2.4 ವರ್ಷದಲ್ಲಿ ಕಿಡ್ನಿ ಅರ್ಧ ಕೆಟ್ಟವರು, ವಿಫಲವಾದವರು, ಕಿಡ್ನಿ ಅಥವಾ ಹೃದಯದ ಕಾರಣಕ್ಕೆ ತೀರಿಕೊಂಡವರು ಸೇರಿ ಸುಳ್ಳುಮಾತ್ರೆಯ ಗುಂಪಿನಲ್ಲಿ ನೂರಕ್ಕೆ 14.5, ಡಪಾಗ್ಲಿಫ್ಲೋಜಿನ್ ಗುಂಪಿನಲ್ಲಿ 9.2. ನಮ್ಮ ಬೆಳೆಗಾರರ ಅಂಕಿಗಳು ಈ ಅಧ್ಯಯನದವರ ಸಾಲಿನಲ್ಲೇ ಬರುತ್ತವೆ.

ಕಿಡ್ನಿ ಸೋರಿಕೆಯವರ ಜೊತೆಗೆ ಹೃದಯ ವೈಫಲ್ಯ ಇದ್ದವರಿಗೂ (ಕಾಲು ಬಾವು, ಮಲಗಿದರೆ ಏದುಸಿರು), ಹೃದಯಾಘಾತ ಆಗಿ ಸ್ಟೆಂಟ್ ಹಾಕಿಸಿಕೊಂಡವರಿಗೂ ಲಾಭ ಹೆಚ್ಚು. ಇಜಿಎಫ್‌ಆರ್ 20 ಅಥವಾ ಅದಕ್ಕಿಂತ ಮೇಲಿದ್ದರೆ ಶುರು ಮಾಡಬಹುದು. 45ರ ಕೆಳಗೆ ಶುಗರ್ ಇಳಿಸುವ ಶಕ್ತಿ ಕುಂದುತ್ತದೆ, ರಕ್ಷಣೆ ಮಾತ್ರ ಉಳಿಯುತ್ತದೆ. ಟೈಪ್ 1 ಶುಗರ್, ಗರ್ಭಿಣಿ, ಹಾಲೂಡಿಸುವ ತಾಯಿ, ಹಿಂದೆ ಮೈಯಲ್ಲಿ ಆಮ್ಲ ತುಂಬಿಕೊಳ್ಳುವ ಕೀಟೋಅಸಿಡೋಸಿಸ್ ಆದವರಿಗೆ ಕೊಡುವುದಿಲ್ಲ.

ಮೊದಲ ತಿಂಗಳು

ಬೆಳೆಗಾರರ ಗ್ಲಿಮಿಪಿರೈಡನ್ನು ವೈದ್ಯರು 2ರಿಂದ 1 ಮಿಲಿಗ್ರಾಂಗೆ ಇಳಿಸಿದರು. ಇಲ್ಲದಿದ್ದರೆ ಶುಗರ್ ತೀರಾ ಕೆಳಗೆ ಹೋಗಿ ಬೆವರು, ನಡುಕ ಬರಬಹುದಿತ್ತು. ಇನ್ಸುಲಿನ್ ಇದ್ದವರಿಗೂ ಇದೇ ಎಚ್ಚರ. ಮೂತ್ರ ಹೋಗಿಸುವ ಫ್ಯುರೋಸೆಮೈಡ್ ಇದ್ದರೆ ಅದರ ಪ್ರಮಾಣವನ್ನೂ ನೋಡಬೇಕು. ಎದ್ದು ನಿಂತಾಗ ತಲೆ ಸುತ್ತಿದರೆ ಬಿಪಿ ನೋಡಿಸಿ.

ನಾಲ್ಕು ವಾರಕ್ಕೆ ಅವರ ಕ್ರಿಯಾಟಿನಿನ್ 1.3ರಿಂದ 1.5ಕ್ಕೆ ಏರಿತು, ಇಜಿಎಫ್‌ಆರ್ 64ರಿಂದ 54ಕ್ಕೆ ಇಳಿಯಿತು. ಹೆಚ್ಚಿನವರು ಗಾಬರಿಯಾಗಿ ಮಾತ್ರೆ ನಿಲ್ಲಿಸುವುದು ಇಲ್ಲೇ. ಆದರೆ ಒಳಬಾಗಿಲು ಕಿರಿದಾದ ಮೇಲೆ ಸೋಸುವುದು ಸ್ವಲ್ಪ ಕಡಿಮೆಯಾಗಲೇಬೇಕು. ಇಳಿಕೆ ನೂರಕ್ಕೆ 30ರೊಳಗಿದ್ದರೆ ಮಾತ್ರೆ ಮುಂದುವರಿಸುತ್ತಾರೆ. ಇವರದ್ದು 16. ಇಜಿಎಫ್‌ಆರ್ 45ಕ್ಕಿಂತ ಕೆಳಗೆ ಹೋಗಿದ್ದರೆ ನೀರಿನಂಶ ಕಡಿಮೆಯಾಗಿದೆಯೇ, ನೋವಿನ ಮಾತ್ರೆ ನುಂಗುತ್ತಿದ್ದಾರೆಯೇ ಎಂದು ಹುಡುಕಬೇಕಿತ್ತು.

ಮೂತ್ರ ಪರೀಕ್ಷೆಯಲ್ಲಿ ಸಕ್ಕರೆ ನಾಲ್ಕು ಪ್ಲಸ್ ಬರುತ್ತದೆ, ಬಚ್ಚಲಲ್ಲಿ ಇರುವೆ ಮುತ್ತಬಹುದು. ಅದು ಮಾತ್ರೆ ಕೆಲಸ ಮಾಡುತ್ತಿರುವ ಗುರುತು, ಶುಗರ್ ಏರಿದ್ದಲ್ಲ. ಶುಗರ್ ನೋಡಲು ರಕ್ತವನ್ನೇ ನಂಬಿ. ಅದೇ ಸಕ್ಕರೆಯಿಂದ ಗುಪ್ತಾಂಗದಲ್ಲಿ ಶಿಲೀಂಧ್ರದ ತುರಿಕೆ ಬರಬಹುದು, ಕರಾವಳಿಯ ಬೆವರಿನಲ್ಲಿ ಇನ್ನೂ ಬೇಗ. ಮೂತ್ರ ಮಾಡಿದ ಮೇಲೆ ನೀರಿನಿಂದ ತೊಳೆದು ಒರೆಸಿಕೊಳ್ಳಿ. ಒದ್ದೆ ಒಳಬಟ್ಟೆಯಲ್ಲಿ ದಿನವಿಡೀ ದೋಣಿಯ ಮೇಲೆ ಇರುವವರು ಒಂದು ಒಣಬಟ್ಟೆ ಇಟ್ಟುಕೊಂಡಿರಬೇಕು. ತುರಿಕೆ ಬಂದರೆ ಮುಲಾಮಿನಿಂದ ಸಾಮಾನ್ಯವಾಗಿ ವಾಸಿಯಾಗುತ್ತದೆ, ಮಾತ್ರೆ ಬಿಡಬೇಕಾಗಿಲ್ಲ. ಆದರೆ ಅಲ್ಲಿ ಬಾವು, ತೀವ್ರ ನೋವು, ಜ್ವರ ಬಂದರೆ ಅಂದೇ ಆಸ್ಪತ್ರೆಗೆ ಹೋಗಿ.

ಮಾತ್ರೆ ನಿಲ್ಲಿಸಬೇಕಾದ ದಿನಗಳು

ವಾಂತಿಭೇದಿ, ಜೋರು ಜ್ವರ, ಊಟ ಸೇರದ ದಿನ ಗ್ಲಿಫ್ಲೋಜಿನ್ ಬೇಡ. ಮೆಟ್‌ಫಾರ್ಮಿನ್ ಕೂಡ ಬೇಡ. ಇನ್ಸುಲಿನ್ ಮಾತ್ರ ತಾವಾಗಿ ಪೂರ್ತಿ ನಿಲ್ಲಿಸಬಾರದು, ಪ್ರಮಾಣ ಕೇಳಿಕೊಳ್ಳಿ. ಗಂಜಿ, ನೀರು ಸರಿಯಾಗಿ ಒಳಗೆ ಹೋಗತೊಡಗಿ 24ರಿಂದ 48 ಗಂಟೆ ಆದ ಮೇಲೆ ಮತ್ತೆ ಶುರು. ಶಸ್ತ್ರಚಿಕಿತ್ಸೆ ಇದ್ದರೆ ಮೂರು ದಿನ ಮೊದಲೇ ನಿಲ್ಲಿಸಬೇಕು. ಸಂಕಷ್ಟಿ, ಏಕಾದಶಿ, ರಂಜಾನ್ ಉಪವಾಸ ಮಾಡುವವರು ಮುಂಚೆಯೇ ವೈದ್ಯರೊಂದಿಗೆ ಮಾತಾಡಿಕೊಳ್ಳಿ.

ಕಾರಣ ಕೀಟೋಅಸಿಡೋಸಿಸ್. ಅಪರೂಪ, ಆದರೆ ಜೀವಕ್ಕೆ ಅಪಾಯ. ಹೊಟ್ಟೆ ಖಾಲಿಯಿದ್ದಾಗ ಮೈ ಕೊಬ್ಬು ಕರಗಿಸಿ ಆಮ್ಲ ತುಂಬಿಕೊಳ್ಳುತ್ತದೆ. ಸಾಮಾನ್ಯವಾಗಿ ಆಗ ಶುಗರ್ ಬಹಳ ಏರಿರುತ್ತದೆ, ಈ ಮಾತ್ರೆಯಲ್ಲಿ ಮೀಟರ್ 180 ತೋರಿಸುತ್ತಿದ್ದರೂ ಆಗಬಹುದು. ವಾಂತಿ, ಹೊಟ್ಟೆನೋವು, ದೊಡ್ಡ ದೊಡ್ಡ ಉಸಿರು, ವಿಪರೀತ ಸುಸ್ತು ಕಂಡರೆ ಗ್ಯಾಸ್ಟ್ರಿಕ್ ಎಂದು ಮನೆಯಲ್ಲಿ ಕೂರಬೇಡಿ. ಡ್ಯೂಟಿ ಡಾಕ್ಟರಿಗೆ ಮಾತ್ರೆಯ ಹೆಸರು ಹೇಳಿ, ರಕ್ತದ ಕೀಟೋನ್ ನೋಡಲು ಕೇಳಿ. ದೊಡ್ಡಾಸ್ಪತ್ರೆಗೆ ಘಟ್ಟ ಇಳಿದೋ ಹತ್ತಿಯೋ ಹೋಗಬೇಕಾದ ಜಿಲ್ಲೆಯಲ್ಲಿ ಆ ಹೆಸರನ್ನು ಬರೆದ ಚೀಟಿಯೊಂದು ಪರ್ಸಿನಲ್ಲಿರಲಿ.

ಇಂಜೆಕ್ಷನ್ ಯಾರಿಗೆ

ಸೆಮಾಗ್ಲುಟೈಡ್, ಲಿರಾಗ್ಲುಟೈಡ್ ಇನ್ಸುಲಿನ್ ಅಲ್ಲ. ಕರುಳಿನ ಒಂದು ಹಾರ್ಮೋನಿನ ಹಾಗೆ ಕೆಲಸ ಮಾಡುತ್ತವೆ. ಶುಗರ್ ಜೊತೆ ತೂಕ ಜಾಸ್ತಿ ಇರುವವರಿಗೆ, ಹೃದಯಾಘಾತ, ಪಾರ್ಶ್ವವಾಯು ಆದವರಿಗೆ ಇವುಗಳಿಂದ ಲಾಭ. 2024ರ ಫ್ಲೋ ಅಧ್ಯಯನದಲ್ಲಿ ವಾರಕ್ಕೆ 1 ಮಿಲಿಗ್ರಾಂ ಸೆಮಾಗ್ಲುಟೈಡ್ ಕಿಡ್ನಿಯ ದೊಡ್ಡ ತೊಂದರೆಗಳನ್ನು ನೂರಕ್ಕೆ 24ರಷ್ಟು ತಗ್ಗಿಸಿತು. ಹೃದಯ ವೈಫಲ್ಯವೇ ಮುಖ್ಯ ತೊಂದರೆಯಾದರೆ ಮೊದಲ ಆಯ್ಕೆ ಗ್ಲಿಫ್ಲೋಜಿನ್ ಮಾತ್ರೆಯೇ. ಬೇಕಾದರೆ ಎರಡನ್ನೂ ಒಟ್ಟಿಗೆ ಕೊಡುತ್ತಾರೆ. ಗ್ಲಿಪ್ಟಿನ್ ಇದ್ದರೆ ಅದನ್ನು ತೆಗೆಯಬೇಕು, ಜೊತೆಗಿದ್ದು ಉಪಯೋಗವಿಲ್ಲ.

ಸೆಮಾಗ್ಲುಟೈಡ್ ವಾರಕ್ಕೊಮ್ಮೆ 0.25 ಮಿಲಿಗ್ರಾಂನಿಂದ ಶುರು. ನಾಲ್ಕು ವಾರ ಕಳೆದು 0.5, ಕನಿಷ್ಠ ಇನ್ನೂ ನಾಲ್ಕು ವಾರ ಕಳೆದು ಬೇಕಾದರೆ 1. ಅವಸರ ಮಾಡಿದವರಿಗೇ ವಾಕರಿಕೆ ಹೆಚ್ಚು. ಹೊಟ್ಟೆ ನಿಧಾನ ಖಾಲಿಯಾಗುವುದರಿಂದ ಮದುವೆ ಮನೆಯ ಊಟ ಮೊದಲಿನಂತೆ ಉಂಡರೆ ವಾಂತಿ ಖಂಡಿತ. ಬೆನ್ನಿಗೆ ಹರಿಯುವ ತಡೆಯಲಾರದ ಹೊಟ್ಟೆನೋವು ಬಂದರೆ ಮೇದೋಜೀರಕ ಗ್ರಂಥಿಯ ಉರಿಯೂತವೇ ಎಂದು ನೋಡಿಸಬೇಕು. ಶುರು ಮಾಡುವ ಮೊದಲು ಕಣ್ಣಿನ ರೆಟಿನಾ ತೋರಿಸಿ. ಶುಗರ್ ಥಟ್ಟನೆ ಇಳಿದಾಗ ಹಳೆಯ ರೆಟಿನಾ ತೊಂದರೆ ಹೆಚ್ಚಬಹುದು.

ತೆರೆಯದ ಪೆನ್ನು ಫ್ರಿಜ್ಜಿನಲ್ಲಿ 2ರಿಂದ 8 ಡಿಗ್ರಿಯಲ್ಲಿರಬೇಕು, ಫ್ರೀಜರಿಗೆ ತಾಗಬಾರದು. ಒಮ್ಮೆ ಹೆಪ್ಪುಗಟ್ಟಿದ್ದನ್ನು ಕರಗಿದ ಮೇಲೂ ಬಳಸಬೇಡಿ. ಬಳಸುತ್ತಿರುವ ಪೆನ್ನನ್ನು ಹೊರಗಿಡಬಹುದಾದ ಮಿತಿ ಸಾಮಾನ್ಯವಾಗಿ 30 ಡಿಗ್ರಿ. ಏಪ್ರಿಲ್, ಮೇಯಲ್ಲಿ ಕಾರವಾರದ ಮನೆಯೊಳಗೇ ಅದು ದಾಟುತ್ತದೆ, ಆದ್ದರಿಂದ ಅದೂ ಫ್ರಿಜ್ಜಿನ ಬಾಗಿಲಲ್ಲೇ ಇರಲಿ. ಮಳೆಗಾಲದಲ್ಲಿ ಎರಡು ಮೂರು ದಿನ ಕರೆಂಟಿಲ್ಲದ ಘಟ್ಟದ ಹಳ್ಳಿಗಳಲ್ಲಿ ಮೂರು ತಿಂಗಳ ಪೆನ್ನು ಒಟ್ಟಿಗೆ ತಂದಿಡದೆ ತಿಂಗಳಿಗೊಮ್ಮೆ ತರುವುದು ಕ್ಷೇಮ. ದ್ರವ ಕದಡಿದ್ದರೆ, ಬಣ್ಣ ಬಂದಿದ್ದರೆ ಚುಚ್ಚಬೇಡಿ.

ನಮ್ಮ ಬೆಳೆಗಾರರು ತೆಳ್ಳಗಿದ್ದಾರೆ, ಹೃದಯದ ತೊಂದರೆಯಿಲ್ಲ. ಅವರಿಗೆ ಸದ್ಯ ಮಾತ್ರೆ ಸಾಕು. ನಾಲ್ಕು ತಿಂಗಳಿಗೆ ಎಸಿಆರ್ 150ಕ್ಕೆ ಇಳಿದಿದೆ, ಕ್ರಿಯಾಟಿನಿನ್ 1.5ರಲ್ಲೇ ನಿಂತಿದೆ. ಮುಂದಿನ ಪರೀಕ್ಷೆ ಆರು ತಿಂಗಳಿಗೆ, ಕೊನೆಕೊಯ್ಲು ಮುಗಿದ ಮೇಲೆ.